ಶಿರಸಿ ಹತ್ತಿರದ ಆ ಮನೆಯವರಿಗೆ ಬರೆದ ಕಾಗದ, ಕಳಿಸುವ ಮೊದಲು ಒಮ್ಮೆ ಓದಿ ಹೇಳ್ತೀರಾ?

ಬಿಳಿಜೋಳ

ನಾವು ವಿಜಯಪುರದವರು. ಫೆಬ್ರವರಿ ಕೊನೆಗೆ ಒಂದು ವಾರ ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟದ ಮನೆಯೊಂದರಲ್ಲಿ ಹೋಮ್‌ಸ್ಟೇ ಇದ್ದೆವು. ನಾನು, ನಮ್ಮ ಯಜಮಾನರು, ಆರು ವರ್ಷದ ಮಗ, ನಮ್ಮ ಅವ್ವ. ದುಡ್ಡು ಕೊಟ್ಟೇ ಉಳಿದಿದ್ದು ನಿಜ, ಆದರೆ ಆ ಮನೆಯವರು ಮಾಡಿದ್ದರಲ್ಲಿ ಬಹಳಷ್ಟು ಯಾವ ಬಿಲ್ಲಿನಲ್ಲೂ ಇರಲಿಲ್ಲ. ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ, ಕಾಗದ ಬರೆದಿದ್ದೇನೆ. ಆ ಕಡೆಯವರು ಯಾರಾದರೂ ಇದ್ದರೆ ಓದಿ, ಅಡುಗೆ ಹೆಸರು ತಪ್ಪಿದ್ದರೆ ತಿದ್ದಿ. ಏನು ಸೇರಿಸಬೇಕು, ಏನು ಬಿಡಬೇಕು ಅನ್ನೋದನ್ನೂ ಹೇಳಿ.

*ಅಜ್ಜ, ಅಜ್ಜಿ, ಅಣ್ಣ, ಅಕ್ಕ, ಎಲ್ಲರಿಗೂ ನಮಸ್ಕಾರ.*

*ನಾವು ಸುಖವಾಗಿ ಊರು ಮುಟ್ಟಿದೆವು. ಮಗ ಬಸ್ಸಿನಲ್ಲಿ ಹುಬ್ಬಳ್ಳಿವರೆಗೆ ನಿದ್ದೆ ಮಾಡಿದ, ಎದ್ದ ಕೂಡಲೇ ಕೇಳಿದ್ದು ನಿಮ್ಮ ಕರು ಹಾಲು ಕುಡಿಯಿತಾ ಅಂತ.*

*ಮೊದಲು ಊಟದ ಮಾತು. ಅಕ್ಕ, ಮೊದಲ ದಿನ ನಮ್ಮ ಅವ್ವ ಅನ್ನ ಬಿಟ್ಟು ಎದ್ದಿದ್ದು ನಿಮಗೆ ಬೇಜಾರಾಗಿರಬಹುದು. ಅವರಿಗೆ ಖಾರ ಇಲ್ಲದೆ ಊಟ ಇಳಿಯುವುದಿಲ್ಲ. ನಾವ್ಯಾರೂ ಹೇಳಲಿಲ್ಲ, ಆದರೂ ಮರುದಿನ ಮಧ್ಯಾಹ್ನ ಅವರ ಬಾಳೆ ಎಲೆಯ ಪಕ್ಕ ಸಣ್ಣ ಬಟ್ಟಲಿನಲ್ಲಿ ಸೂಜಿಮೆಣಸಿನ ಚಟ್ನಿ ಬಂತು. ಅದು ಅವರೊಬ್ಬರಿಗೆ ಮಾತ್ರ ಮಾಡಿದ್ದು. ಆಮೇಲೆ ನಾವು ಹೊರಡುವ ತನಕ ಒಂದು ಹೊತ್ತೂ ಆ ಬಟ್ಟಲು ತಪ್ಪಲಿಲ್ಲ. ಊಟದಲ್ಲಿ ಏನು ಉಳಿಯಿತು ಅಂತ ನೋಡಿಕೊಂಡು ಮರುದಿನದ ಅಡುಗೆ ಮಾಡುವವರನ್ನು ನಾನು ನಮ್ಮ ಮನೆಯ ಹೊರಗೆ ಕಂಡಿದ್ದು ಇದೇ ಮೊದಲು.*

*ಅಜ್ಜಿ, ನಿಮ್ಮ ತಂಬುಳಿಗಳನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ. ದಿನಾ ಬೆಳಗ್ಗೆ ನೀವು ಹಿತ್ತಲಿಗೆ ಹೋಗಿ ಒಂದು ಮುಷ್ಟಿ ಎಲೆ ತರುತ್ತಿದ್ದಿರಿ, ಯಾವುದು ಕೈಗೆ ಸಿಕ್ಕಿತೋ ಅದೇ ಅವತ್ತಿನ ತಂಬುಳಿ. ಅಪ್ಪೆಹುಳಿ ಲೋಟದಲ್ಲಿ ಹಾಕಿ ಕುಡಿಯೋದು ಅಂತ ನೀವು ತೋರಿಸಿದಿರಿ. ಅದನ್ನು ಕುಡಿದು ನಮ್ಮ ಯಜಮಾನರು ಜಗುಲಿಯಲ್ಲಿ ಸಂಜೆ ನಾಲ್ಕರವರೆಗೆ ಮಲಗಿದರು. ಅಜ್ಜ ಅವರಿಗೆ ಬಿಸಿಲು ಬೀಳದ ಹಾಗೆ ತಟ್ಟಿ ಎಳೆದು ಕಟ್ಟಿದ್ದನ್ನು ನಾನು ನೋಡಿದೆ.*

*ಆಲೆಮನೆಯ ರಾತ್ರಿ ಮರೆಯಲಾರೆವು. ಕಬ್ಬಿನ ಹಾಲು ಕುಡಿದಿದ್ದಕ್ಕಿಂತ ಮರುದಿನ ಅಕ್ಕ ತೊಡೆದೇವು ಮಾಡಿದ್ದು ಹೆಚ್ಚು ನೆನಪಿದೆ. ಬೋರಲು ಹಾಕಿದ ಮಡಕೆ, ಒಳಗೆ ಬೆಂಕಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿಗೆ ಅದ್ದಿ ಒಂದೇ ಎಳೆತ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡಿಸಿ ಮಡಚಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಅವ್ವನಿಗೂ ಕೋಲು ಕೊಟ್ಟಿರಿ. ಅವರದು ದಪ್ಪ ಆಯಿತು, ಹರಿಯಿತು. ಆದರೂ ಅಜ್ಜ ಅದನ್ನೇ ಕೇಳಿ ತಿಂದರು. ಅದಕ್ಕೆ ಪ್ರತಿಯಾಗಿ ಅವ್ವ ನಿಮ್ಮ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿದರು. ಅಜ್ಜ ನಾವು ಒಯ್ದಿದ್ದ ಖಡಕ್ ರೊಟ್ಟಿಯನ್ನು ತಂಬುಳಿಯಲ್ಲಿ ನೆನೆಸಿ ತಿಂದರು. ಈಗ ನಮ್ಮ ಮನೆಯಲ್ಲೂ ಅದೇ ನಡೆದಿದೆ.*

*ಅಣ್ಣ, ಬೆಟ್ಟ ತೋರಿಸಲು ಕರೆದುಕೊಂಡು ಹೋದ ದಿನ ಹೊರಡುವ ಮೊದಲು ಎಲ್ಲರ ಕೈಕಾಲಿಗೂ ಎಣ್ಣೆ ಹಚ್ಚಿಸಿದಿರಿ. ತಿರುಗಿ ಬಂದ ಮೇಲೆ ಒಳಗೆ ಬಿಡಲಿಲ್ಲ. ಬಟ್ಟೆ ಬಚ್ಚಲಲ್ಲೇ ಬಿಟ್ಟು ಬಿಸಿನೀರಿನ ಸ್ನಾನ ಮಾಡಿ ಅಂದಿರಿ. ಹಂಡೆಯ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಆಗಲೇ ನೀರು ಕಾಯಿಸಿಟ್ಟಾಗಿತ್ತು. ಮಗನ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಹತ್ತಿದೆಯೋ ಅಂತ ನೀವೇ ನೋಡಿದಿರಿ.*

*ಮಗನಿಗೆ ರಾತ್ರಿ ಭೇದಿ ಶುರುವಾದಾಗ ನಾನು ಹೆದರಿಬಿಟ್ಟಿದ್ದೆ. ಅಜ್ಜಿ ಎದ್ದು ಬಂದು ಗಂಜಿ ಬೇಯಿಸಿದಿರಿ. ಅಕ್ಕ ಓಆರ್‌ಎಸ್ ಪೊಟ್ಟಣ ತಂದು, ಲೀಟರ್ ಬಾಟಲಿಯಲ್ಲಿ ಅಳೆದು ಕಲಸಿ, ಚಮಚದಲ್ಲಿ ಕುಡಿಸುತ್ತಾ ಕೂತಿರಿ. ಬೆಳಕು ಹರಿಯುವ ಮೊದಲೇ ಅಣ್ಣ ಜೀಪು ತೆಗೆದು ಶಿರಸಿಗೆ ಡಾಕ್ಟರ್ ಹತ್ತಿರ ಕರೆದೊಯ್ದಿರಿ. ಡೀಸೆಲ್ ದುಡ್ಡು ಕೊಟ್ಟರೆ ಕೈ ಹಿಂದೆ ಎಳೆದುಕೊಂಡಿರಿ. ಮಧ್ಯಾಹ್ನ ಅಜ್ಜಿ ಅವನಿಗೆ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿ ಅನ್ನಕ್ಕೆ ಕಲಸಿ ತಿನ್ನಿಸಿದಿರಿ.*

*ಹೊರಡುವಾಗ ಡಬ್ಬಿ ತುಂಬಾ ಜೋನಿಬೆಲ್ಲ ಕೊಟ್ಟಿರಿ. ಡಬ್ಬಿ ವಾಪಸ್ ಕಳಿಸುತ್ತೇವೆ. ನೀವೆಲ್ಲ ನಮ್ಮೂರಿಗೆ ಬರಬೇಕು. ದೀಪಾವಳಿ ಆದ ಮೇಲೆ ಬಂದರೆ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲೋದು ನೋಡಬಹುದು, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ತಿನ್ನಬಹುದು. ನಿಮಗೆ ಅಡಿಕೆ ಕೊಯ್ಲಿನ ಕಾಲ ಅಂತ ಗೊತ್ತು, ಆದರೂ ಕರೆಯುತ್ತಿದ್ದೇನೆ.*

ಇಷ್ಟು. ಹೇಳಿ.

ಘಟ್ಟದ ಕೆಳಗಿನವ

ಕಾಗದ ಚೆನ್ನಾಗಿದೆ. ಒಂದು ತಿದ್ದುಪಡಿ. ತಂಬುಳಿ ಅಂದರೆ ಹಸಿ ಎಲೆ ರುಬ್ಬಿ ಮಜ್ಜಿಗೆಗೆ ಹಾಕೋದು, ಅಷ್ಟೇ. ದಾಳಿಂಬೆ ಸಿಪ್ಪೆಯದ್ದು ಹುರಿದು ಮಾಡೋದಲ್ವಾ, ಅದನ್ನ ತಂಬುಳಿ ಅನ್ನಲ್ಲ, ಕಷಾಯದ ಜಾತಿ. ಹೆಸರು ತಪ್ಪು ಬರೆದರೆ ಅಜ್ಜಿಗೆ ಬೇಸರ ಆಗಬಹುದು. ಇನ್ನೊಂದು, ಜೋನಿಬೆಲ್ಲ ಫ್ರಿಜ್ಜಿನಲ್ಲಿ ಇಡಿ, ಹೊರಗೆ ಇಟ್ಟರೆ ಹುಳಿ ಬರುತ್ತದೆ.

ಬೆಟ್ಟದಂಚಿನ ಮನೆ

ನಮ್ಮದೂ ಸಿದ್ದಾಪುರ ಕಡೆ ತೋಟ. ಮನೆಯ ಎರಡು ಕೋಣೆಯಲ್ಲಿ ಹೀಗೇ ನೆಂಟರನ್ನು ಇಟ್ಟುಕೊಳ್ಳುತ್ತೇವೆ. ಹಾಗಾಗಿ ಈ ಕಾಗದವನ್ನು ಪಡೆಯುವ ಕಡೆಯವಳಾಗಿ ಓದಿದೆ.

ಮೊದಲು ಮೇಲಿನವರ ಮಾತಿಗೆ. ಒಂದೆಲಗದ ತಂಬುಳಿ ಹಸಿ ಎಲೆಯದ್ದೇ, ಅಲ್ಲಿ ನೀವು ಸರಿ. ಆದರೆ ದೊಡ್ಡಪತ್ರೆ, ಚಕ್ರಮುನಿ ಎಲೆಗಳನ್ನು ನಾವು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿಕೊಂಡೇ ಕಾಯಿ ಹಾಕಿ ರುಬ್ಬುತ್ತೇವೆ. ದಾಳಿಂಬೆ ಸಿಪ್ಪೆಯದ್ದೂ ಹಾಗೇ. ಒಣಗಿಸಿಟ್ಟ ಸಿಪ್ಪೆಯ ಸಣ್ಣ ಚೂರು ಸಾಕು, ಜಾಸ್ತಿ ಹಾಕಿದರೆ ಒಗರು ಬಂದು ಮಗು ಉಗುಳುತ್ತದೆ. ರುಬ್ಬಿ ಮಜ್ಜಿಗೆಗೆ ಹಾಕಿದ ಮೇಲೆ ಕುದಿಸುವಂತಿಲ್ಲ, ಕುದಿಸಿದರೆ ಒಡೆಯುತ್ತದೆ. ಎಲೆ ಹಸಿಯೋ ಬಾಡಿಸಿದ್ದೋ, ಕೊನೆಗೆ ಕುದಿಸದೆ ಮಜ್ಜಿಗೆಯಲ್ಲಿ ಕಲಸಿದರೆ ಎಲ್ಲವೂ ತಂಬುಳಿಯೇ. ಹೆಸರು ಹಾಗೇ ಇರಲಿ.

ಅಪ್ಪೆಹುಳಿ ಬಗ್ಗೆ ಒಂದು ಸಾಲು ಸೇರಿಸಿ ನೋಡಿ, ಅಜ್ಜಿಗೆ ತುಂಬಾ ಖುಷಿ ಆಗುತ್ತದೆ. ಫೆಬ್ರವರಿಯಲ್ಲಿ ಅಪ್ಪೆ ಮಾವಿನ ಮರದಲ್ಲಿ ಇನ್ನೂ ಸಣ್ಣ ಮಿಡಿ, ಅದು ಉಪ್ಪಿನಕಾಯಿಗೆ ಹೋಗುತ್ತದೆ. ಹುಳಿಗೆ ಬೇಕಾದ ಬಲಿತ ಕಾಯಿ ಸಿಗೋದು ಏಪ್ರಿಲ್ ಹೊತ್ತಿಗೆ. ಹಾಗಾದರೆ ನೀವು ಕುಡಿದಿದ್ದು ಹೋದ ವರ್ಷ ಉಪ್ಪಿಗೆ ಹಾಕಿಟ್ಟಿದ್ದರಿಂದ ಮಾಡಿದ್ದೇ ಇರಬೇಕು. ಆ ಭರಣಿ ಮನೆಯಲ್ಲಿ ಎಲ್ಲರಿಗೂ ತೆಗೆಯುವುದಿಲ್ಲ. ವರ್ಷದ ಕೊನೆಗೆ ತಳ ಕಾಣುತ್ತಾ ಇರುತ್ತದೆ, ಉಳಿದದ್ದು ಹಬ್ಬಕ್ಕೆ, ಬಾಯಿ ಕೆಟ್ಟವರಿಗೆ ಅಂತ ಇಡೋದು. ಅದನ್ನ ನಿಮಗೆ ತೆಗೆದಿದ್ದಾರೆ.

ಜೋನಿಬೆಲ್ಲಕ್ಕೆ ಫ್ರಿಜ್ ಬೇಡ. ಹದವಾಗಿ ಕಾಯಿಸಿದ್ದಾದರೆ ಹೊರಗೇ ವರ್ಷಗಟ್ಟಲೆ ಇರುತ್ತದೆ. ಒದ್ದೆ ಚಮಚ ಹಾಕಬೇಡಿ ಅಷ್ಟೇ. ಮೇಲೆ ಗುಳ್ಳೆ ಎದ್ದು ಹುಳಿ ವಾಸನೆ ಬಂದರೆ ನೀರಿನಂಶ ಸೇರಿದೆ ಅಂತ. ಆಗಲೇ ದಪ್ಪ ತಳದ ಪಾತ್ರೆಯಲ್ಲಿ ಒಮ್ಮೆ ಕುದಿಸಿ ಆರಿಸಿ ತುಂಬಿಡಿ. ತಳದಲ್ಲಿ ಹರಳು ಕಟ್ಟಿದರೆ ಕೆಟ್ಟಿದೆ ಅಂತ ಎಸೆಯಬೇಡಿ, ಅದು ಸಹಜ.

ಕಾಗದದ ಬಗ್ಗೆ ಉಳಿದಿದ್ದನ್ನ ಆಮೇಲೆ ಬರೆಯುತ್ತೇನೆ, ಹಾಲು ಕರೆಯುವ ಹೊತ್ತಾಯಿತು.

ಪ್ಲಾನ್ ಮಾಡ್ತಿದೀನಿ

ತುಂಬಾ ಚೆನ್ನಾಗಿದೆ ಮೇಡಂ. ಒಬ್ಬರಿಗೆ ದಿನಕ್ಕೆ ಎಷ್ಟು ತಗೊಂಡರು? ಫೋನ್ ನಂಬರ್ ಹಾಕ್ತೀರಾ? ನಾವು ಎಂಟು ಜನ ಇದ್ದೀವಿ, ಮೇ ತಿಂಗಳಲ್ಲಿ. ತೊಡೆದೇವು ಮಾಡಿ ತೋರಿಸೋದು, ಜೀಪಿನಲ್ಲಿ ಸುತ್ತಿಸೋದು ಎಲ್ಲಾ ಪ್ಯಾಕೇಜಲ್ಲೇ ಬರುತ್ತಾ?

ಬಿಳಿಜೋಳ

ನಂಬರ್ ಅವರನ್ನು ಕೇಳದೆ ಇಲ್ಲಿ ಹಾಕಲಾರೆ. ಜೀಪು ಸುತ್ತಾಡಿಸಲು ತೆಗೆದಿದ್ದಲ್ಲ, ಮಗನಿಗೆ ಹುಷಾರಿಲ್ಲ ಅಂತ ತೆಗೆದಿದ್ದು. ಮೇ ತಿಂಗಳಲ್ಲಿ ಆಲೆಮನೆಯೂ ಇರುವುದಿಲ್ಲ ಅನ್ನಿಸುತ್ತದೆ.

@ಬೆಟ್ಟದಂಚಿನ ಮನೆ, ಅಕ್ಕ, ಭರಣಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಎರಡು ಸಲ ಕೇಳಿ ಹಾಕಿಸಿಕೊಂಡಿದ್ದೆವು. ಅದನ್ನು ಖಂಡಿತ ಬರೆಯುತ್ತೇನೆ.

ದಾವಣಗೆರೆ ಸಿಸ್ಟರ್

ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಇಡೀ ಕಾಗದದಲ್ಲಿ ನನ್ನ ಕಣ್ಣು ನಿಂತಿದ್ದು ಆ ಲೀಟರ್ ಬಾಟಲಿಯ ಮೇಲೆ. ಎಷ್ಟೋ ಜನ ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದು ಕುಡಿಸಿಬಿಡುತ್ತಾರೆ. ಉಪ್ಪು ಗಟ್ಟಿಯಾಗಿ ಮಗುವಿಗೆ ತೊಂದರೆಯೇ ಜಾಸ್ತಿ ಆಗುತ್ತದೆ. ಇನ್ನು ಕೆಲವರು ಅರ್ಧ ಪೊಟ್ಟಣ ಅಂದಾಜಿಗೆ ಹಾಕುತ್ತಾರೆ, ಅದೂ ಸರಿಯಲ್ಲ. ಒಂದು ಲೀಟರಿಗೆ ಅಂತ ಬರೆದ ಪೊಟ್ಟಣ ಒಂದು ಲೀಟರಿಗೇ, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ವಾಂತಿ ಇದ್ದರೆ ಚಮಚ ಚಮಚವಾಗಿ ಕುಡಿಸೋದೇ ದಾರಿ. ಆ ಅಕ್ಕ ನಡುರಾತ್ರಿ ಇಷ್ಟನ್ನೂ ಸರಿಯಾಗಿ ಮಾಡಿದ್ದಾರೆ. "ನೀವು ಅಳೆದು ಕಲಸಿದ್ದು ಸರಿಯಾಗಿತ್ತು ಅಂತ ಡಾಕ್ಟರೂ ಹೇಳಿದರು" ಅನ್ನುವ ಹಾಗಿದ್ದರೆ ಅದನ್ನೂ ಬರೆಯಿರಿ. ಮಾಡಿದ್ದು ಸರಿಯೋ ತಪ್ಪೋ ಅಂತ ಅವರಿಗೂ ಅಳುಕು ಇರುತ್ತದೆ.

ಘಟ್ಟದ ಕೆಳಗಿನವ

ತಂಬುಳಿ ವಿಷಯ ಒಪ್ಪಿದೆ. ನಮ್ಮ ಮನೆಯಲ್ಲಿ ಒಂದೆಲಗದ್ದು ಮಾತ್ರ ಮಾಡೋದು, ಅದಕ್ಕೆ ಹಾಗೆ ಹೇಳಿದೆ. ಆದರೆ ಭೇದಿಗೆ ದಾಳಿಂಬೆ ಸಿಪ್ಪೆ ಒಂದೇ ಸಾಕಿತ್ತು, ಡಾಕ್ಟರ್ ಹತ್ತಿರ ಓಡೋ ಅಗತ್ಯ ಇರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ದಾವಣಗೆರೆ ಸಿಸ್ಟರ್

ಇಲ್ಲ ಅಣ್ಣ, ಅದನ್ನ ಒಪ್ಪಲಾರೆ. ಸಿಪ್ಪೆಯ ತಂಬುಳಿ ತಿನ್ನಿಸಲಿ, ಬೇಡ ಅನ್ನಲ್ಲ, ಆದರೆ ಮಗುವಿಗೆ ಅಪಾಯ ಬರೋದು ಹೋದ ನೀರಿನಿಂದ. ನೀರು ತುಂಬಿಸಲೇಬೇಕು. ಬಾಯಿ ಒಣಗಿ, ಕಣ್ಣು ಗುಳಿ ಬಿದ್ದು, ಮೂತ್ರ ನಿಂತು, ಮಗು ಮಂಕಾಗಿ ಬಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಕಾಯುವ ಮಾತೇ ಇಲ್ಲ. ಹಳ್ಳಿಯಿಂದ ಪೇಟೆಗೆ ದೂರ ಇದ್ದಾಗ ಬೆಳಗಾಗುವ ಮೊದಲೇ ಜೀಪು ತೆಗೆದಿದ್ದು ಸರಿಯಾದ ತೀರ್ಮಾನ.

ಕಾವೇರಿ ಕಡೆಯವಳು

ನನ್ನದೂ ಒಂದು ಹೇಳಿಬಿಡ್ತೀನಿ. ನಾವು ಕೊಡಗಿನಲ್ಲಿ ಒಂದು ಮನೆಯಲ್ಲಿ ಉಳಿದಿದ್ದೆವು. ಮಳೆಗಾಲ. ಕಡಂಬುಟ್ಟು, ನೂಪುಟ್ಟು, ಕೈಪುಳಿ, ಅಯ್ಯೋ ಅದೇನು ಊಟ! ಆ ಮನೆಯ ಆಂಟಿ ನಮ್ಮ ಒದ್ದೆ ಬಟ್ಟೆಗಳನ್ನು ದಿನಾ ಒಲೆಯ ಮೇಲಿನ ತಂತಿಗೆ ಹಾಕಿ ಒಣಗಿಸಿ ಮಡಚಿ ಇಡುತ್ತಿದ್ದರು. ಊರಿಗೆ ಬಂದ ಮೇಲೆ ಅವರಿಗೆ ಒಂದು ರೇಷ್ಮೆ ಸೀರೆ ಕಳಿಸಿದೆ. ಅವರು ಫೋನ್ ಮಾಡಿ ತುಂಬಾ ಮುಜುಗರಪಟ್ಟುಕೊಂಡರು. ಇಷ್ಟು ದೊಡ್ಡದು ಯಾಕೆ ಅಂತ. ಮುಂದಿನ ವರ್ಷ ಹೋದಾಗ ನಮ್ಮಿಂದ ರೂಮಿನ ದುಡ್ಡೇ ತಗೊಳ್ಳಲಿಲ್ಲ, ಆಮೇಲೆ ಅಲ್ಲಿಗೆ ಹೋಗೋಕೇ ಸಂಕೋಚ ಆಗಿದೆ. ಹಾಗಾಗಿ ದೊಡ್ಡ ಉಡುಗೊರೆ ಕಳಿಸಬೇಡಿ ಅಂತ ನನ್ನ ಮಾತು. ನಿಮ್ಮ ಡಬ್ಬಿಯಲ್ಲಿ ಏನು ತುಂಬಿ ಕಳಿಸ್ತೀರಿ? ಖಾಲಿ ಅಂತೂ ಕಳಿಸಬೇಡಿ.

ಬಿಳಿಜೋಳ

ಖಾಲಿ ಕಳಿಸಿದರೆ ಅವ್ವ ನನ್ನನ್ನು ಮನೆಗೆ ಸೇರಿಸಲ್ಲ. ಶೇಂಗಾ ಚಟ್ನಿ ಪುಡಿ, ಮೇಲೆ ಒಂದು ಪೊಟ್ಟಣ ಗುರೆಳ್ಳು ಚಟ್ನಿ ಅಂದುಕೊಂಡಿದ್ದೇವೆ. ಖಡಕ್ ರೊಟ್ಟಿ ಬೇರೆ ಕಟ್ಟಬೇಕು. ಕೊರಿಯರಿನಲ್ಲಿ ಪುಡಿಯಾಗದ ಹಾಗೆ ಹೇಗೆ ಕಟ್ಟೋದು ಅಂತ ಯಾರಿಗಾದರೂ ಗೊತ್ತಾ?

ಬೆಟ್ಟದಂಚಿನ ಮನೆ

ಈಗ ಬಂದೆ. ಕಾಗದಕ್ಕೆ ನನ್ನ ಮಾತು.

ನಮಗೆ ಬರುವ ಹೆಚ್ಚಿನ ಸಂದೇಶಗಳಲ್ಲಿ "ಊಟ ಸೂಪರ್, ಜಾಗ ಸೂಪರ್" ಅಂತಿರುತ್ತದೆ. ಓದಿ ಸಂತೋಷ ಆಗುತ್ತದೆ, ಮರೆತೂ ಹೋಗುತ್ತದೆ. ನಿಮ್ಮ ಕಾಗದದಲ್ಲಿ ಸೂಜಿಮೆಣಸಿನ ಬಟ್ಟಲು ಇದೆ. ಅಡುಗೆಮನೆಯಲ್ಲಿ ನಿಂತು ಇವರಿಗೆ ಹಿಡಿಸಿತೋ ಇಲ್ಲವೋ ಅಂತ ಯೋಚಿಸಿದ ಹೆಂಗಸಿಗೆ ಅದು ಉತ್ತರ. ಆ ಭಾಗದ ಒಂದಕ್ಷರವೂ ಕಡಿಮೆ ಮಾಡಬೇಡಿ.

ಒಂದು ಬಿಟ್ಟುಹೋಗಿದೆ. ಫೆಬ್ರವರಿ ಅಂದರೆ ಅಂಗಳದಲ್ಲಿ ಅಡಿಕೆ ಒಣಗಿಸುವ, ಸುಲಿಯುವ ಕೆಲಸ ಪೂರ್ತಿ ಮುಗಿದಿರುವುದಿಲ್ಲ. ಕೆಲಸಕ್ಕೆ ಬರುವ ಹೆಂಗಸರು ಇದ್ದೇ ಇರುತ್ತಾರೆ. ನಿಮ್ಮ ಪಾತ್ರೆ, ಹಾಸಿಗೆ, ಬಚ್ಚಲ ಒಲೆ ನೋಡಿಕೊಂಡವರು ಅವರಲ್ಲಿ ಯಾರೋ ಒಬ್ಬರು. ನಿಮ್ಮ ಕಾಗದದಲ್ಲಿ ಹಂಡೆಯ ನೀರು ತಾನಾಗೇ ಕಾದಿದೆ. ಅವರ ಹೆಸರು ಗೊತ್ತಿದ್ದರೆ ಹೆಸರು ಹಿಡಿದು ಒಂದು ಸಾಲು ಬರೆಯಿರಿ. ಇಂಥ ಕಾಗದವನ್ನ ಮನೆಯಲ್ಲಿ ಎಲ್ಲರೂ ಕೂತಾಗ ಗಟ್ಟಿಯಾಗಿ ಓದುತ್ತಾರೆ.

ಎಣ್ಣೆ ಹಚ್ಚಿಸಿದ್ದು, ಬಟ್ಟೆ ಬಿಚ್ಚಿಸಿದ್ದು ಬರೆದಿದ್ದೀರಿ, ಒಳ್ಳೆಯದಾಯಿತು. ಕೆಲವು ನೆಂಟರು ಅದಕ್ಕೆ ಮುಖ ಸಿಂಡರಿಸುತ್ತಾರೆ, ಮಡಿ ಮೈಲಿಗೆ ಅಂದುಕೊಳ್ಳುತ್ತಾರೆ. ಅದು ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ಈಗಲೂ ನಮ್ಮ ಕಡೆ ಚಳಿಗಾಲ ಮುಗಿಯುವಾಗಿಂದ ಮಳೆ ಬರುವ ತನಕ ಅದರ ಕಾಲ. ಬೆಟ್ಟದಲ್ಲಿ ಉದುರಿದ ಒಣ ಎಲೆ, ದರಕಿನ ಮೇಲೆ ಕೂರಬೇಡಿ ಅಂತಲೂ ಹೇಳಿರುತ್ತಾರೆ. ಮಂಗ ಸತ್ತ ಸುದ್ದಿ ಬಂದರೆ ಆ ಕಡೆ ಕರೆದುಕೊಂಡೇ ಹೋಗುವುದಿಲ್ಲ. ಊರಿಗೆ ಬಂದ ಮೇಲೆ ಒಂದು ವಾರದೊಳಗೆ ಯಾರಿಗಾದರೂ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದಿತ್ತಾ? ಇಲ್ಲದಿದ್ದರೆ "ನಮಗ್ಯಾರಿಗೂ ಜ್ವರ ಬರಲಿಲ್ಲ" ಅಂತ ಬರೆಯಿರಿ. ಆ ಅಣ್ಣ ಅದನ್ನೇ ಕಾಯುತ್ತಿರುತ್ತಾನೆ.

ಕೊನೆಯದು, ಇದನ್ನ ಸ್ವಲ್ಪ ನೇರವಾಗಿ ಹೇಳ್ತೀನಿ. ಈ ಕಾಗದ ಅವರಿಗೆ ಕಳಿಸಿ. ಬುಕಿಂಗ್ ಜಾಗದಲ್ಲಿ ವಿಮರ್ಶೆ ಬರೆಯುವಾಗ ಜೀಪು, ಜೋನಿಬೆಲ್ಲ, ಅವ್ವನ ಬಟ್ಟಲು ಬರೆಯಬೇಡಿ. ಮುಂದೆ ಬರುವವರು ಅದನ್ನ ಓದಿಕೊಂಡು ಬಂದು ಕೇಳುತ್ತಾರೆ. ಮೇಲೆ ಒಬ್ಬರು ಆಗಲೇ ಪ್ಯಾಕೇಜಾ ಅಂತ ಕೇಳಿದ್ದಾರೆ ನೋಡಿ. ಅಲ್ಲಿ ಕೋಣೆ, ಶುಚಿ, ಊಟದ ರೀತಿ, ದಾರಿ ಇಷ್ಟು ಬರೆದರೆ ಸಾಕು.

ಹುಬ್ಬಳ್ಳಿ ಬಸ್‌ಸ್ಟ್ಯಾಂಡ್

ನನಗೆ ಇದು ಸರಿ ಕಾಣಲಿಲ್ಲ ಅಕ್ಕ. ಒಳ್ಳೆಯವರು ಅಂತ ನಾಲ್ಕು ಜನರಿಗೆ ಗೊತ್ತಾದರೆ ತಾನೇ ಅವರಿಗೂ ಜನ ಬರೋದು? ನಾವು ಒಂದು ಜಾಗ ಆರಿಸೋದೇ ಇಂಥದ್ದನ್ನ ಓದಿ. ರಾತ್ರಿ ಮಗುವಿಗೆ ಹುಷಾರಿಲ್ಲದಿದ್ದರೆ ನೋಡಿಕೊಳ್ಳುತ್ತಾರೆ ಅನ್ನೋದು ಮಕ್ಕಳಿರುವವರಿಗೆ ಗೊತ್ತಿರಬೇಕಾದ ವಿಷಯ.

ಮತ್ತೆ ಡೀಸೆಲ್ ದುಡ್ಡು. ಅವರು ಬೇಡ ಅಂದರೂ ಫೋನ್‌ಪೇ ಮಾಡಿಬಿಡಿ. ಪ್ರೀತಿ ಬೇರೆ, ಖರ್ಚು ಬೇರೆ.

ರೊಟ್ಟಿ ಕಟ್ಟೋದು ನಾನು ಹೇಳ್ತೀನಿ. ಸ್ಟೀಲ್ ಡಬ್ಬಿಯೊಳಗೆ ಹಿಡಿಸೋಲ್ಲ. ಅಗಲದ ರಟ್ಟಿನ ಪೆಟ್ಟಿಗೆ ತಗೊಳ್ಳಿ, ರೊಟ್ಟಿಗಳನ್ನ ಒಂದರ ಮೇಲೊಂದು ಬಿಗಿಯಾಗಿ ಜೋಡಿಸಿ ಬಟ್ಟೆಯಲ್ಲಿ ಕಟ್ಟಿ, ಮೇಲೆ ಪ್ಲಾಸ್ಟಿಕ್. ಸುತ್ತ ಎಲ್ಲೂ ಜಾಗ ಇರಬಾರದು, ಅಲುಗಾಡಿದರೇ ಮುರಿಯೋದು. ಪೂರ್ತಿ ಆರಿ ಒಣಗಿದ ರೊಟ್ಟಿಯೇ ಆಗಬೇಕು, ಸ್ವಲ್ಪ ಮೆತ್ತಗಿದ್ದರೂ ಮಲೆನಾಡಿನ ತಂಪಿಗೆ ಬೂಸು ಬರುತ್ತದೆ.

ಬೆಟ್ಟದಂಚಿನ ಮನೆ

ಫೋನ್‌ಪೇ ಮಾಡಬೇಡಿ, ದಯವಿಟ್ಟು. ಕೈ ಹಿಂದೆ ಎಳೆದುಕೊಂಡವರ ಖಾತೆಗೆ ದುಡ್ಡು ಹಾಕಿದರೆ ನೋವಾಗುತ್ತದೆ. ನಮ್ಮ ಮನೆಗೆ ಒಮ್ಮೆ ಹಾಗೆ ಬಂದಿತ್ತು, ನಮ್ಮ ಮಾವ ಎರಡು ದಿನ ಮಾತಾಡಲಿಲ್ಲ. ವಿಮರ್ಶೆಯ ವಿಷಯದಲ್ಲಿ ನಿಮ್ಮ ಮಾತಲ್ಲೂ ಅರ್ಥ ಇದೆ. ಮನೆಯವರನ್ನೇ ಕೇಳಿ ಬರೆಯಲಿ.

ಹುಬ್ಬಳ್ಳಿ ಬಸ್‌ಸ್ಟ್ಯಾಂಡ್

ದುಡ್ಡಿನ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಅಡಿಕೆಗೆ ಒಂದು ವರ್ಷ ರೇಟು ಇದ್ದರೆ ಇನ್ನೊಂದು ವರ್ಷ ಕೊಳೆರೋಗ ತಿಂದುಹೋಗುತ್ತದೆ, ಅವರಿಗೂ ಖರ್ಚು ಇರುತ್ತದಲ್ವಾ. ಕೊಡುವ ರೀತಿ ಬೇರೆ ಹುಡುಕಿ.

ಕಾವೇರಿ ಕಡೆಯವಳು

ಅವರ ಮನೆ ಮಕ್ಕಳಿಗೆ ಪುಸ್ತಕ ಕಳಿಸಿದರೆ?

ಬಿಳಿಜೋಳ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಂಡೆಗೆ ನೀರು ತುಂಬಿ ಉರಿ ಹಾಕುತ್ತಿದ್ದವರ ಹೆಸರು ನನಗೆ ಗೊತ್ತು, ದಿನಾ ಮಾತಾಡಿಸುತ್ತಿದ್ದೆವು. ನಮ್ಮ ಮಗನಿಗೆ ಅಡಿಕೆ ಹಾಳೆಯ ಟೊಪ್ಪಿ ಮಾಡಿಕೊಟ್ಟವರೂ ಅವರೇ. ಅವರಿಗೇ ಅಂತ ಒಂದು ಭಾಗ ಸೇರಿಸಿದ್ದೇನೆ, ಚಟ್ನಿ ಪುಡಿಯೂ ಅವರ ಮನೆಗೆ ಬೇರೆ ಪೊಟ್ಟಣ. ಜ್ವರ ಯಾರಿಗೂ ಬರಲಿಲ್ಲ, ಅದನ್ನೂ ಬರೆದೆ. ಡಾಕ್ಟರ್ ಹೇಳಿದ ಮಾತನ್ನೂ ಹಾಕಿದೆ, ನಿಜವಾಗಿಯೂ ಅವರು ಹಾಗೇ ಹೇಳಿದ್ದರು.

ಒಂದು ಇನ್ನೂ ಉಳಿದಿದೆ. ಮನೆಯಿಂದ ಬಚ್ಚಲಿಗೆ ಇಳಿಯುವಲ್ಲಿ ಮೂರು ಮೆಟ್ಟಿಲು, ರಾತ್ರಿ ಅಲ್ಲಿ ದೀಪ ಇಲ್ಲ. ಅವ್ವನಿಗೆ ಮೊಣಕಾಲು ನೋವು. ಒಮ್ಮೆ ಎಡವಿದರು, ಬೀಳಲಿಲ್ಲ. ವಯಸ್ಸಾದವರು ಮತ್ತೆ ಬಂದರೆ ತೊಂದರೆ ಆಗಬಹುದು ಅಂತ ಹೇಳಬೇಕು ಅನ್ನಿಸುತ್ತದೆ. ಇದೇ ಕಾಗದದಲ್ಲಿ ಬರೆಯಲಾ?

ಬೆಟ್ಟದಂಚಿನ ಮನೆ

ಹೇಳಲೇಬೇಕು, ನಮಗೆ ಗೊತ್ತಾಗೋದೇ ಹೀಗೆ. ಹುಟ್ಟಿದಾಗಿಂದ ಅದೇ ಮೆಟ್ಟಿಲು ಇಳಿದವರಿಗೆ ಕತ್ತಲೆ ಕಾಣುವುದಿಲ್ಲ. ಆದರೆ ಗಟ್ಟಿಯಾಗಿ ಓದುವ ಕಾಗದದಲ್ಲಿ ಬೇಡ. ಡಬ್ಬಿ ಮುಟ್ಟಿತಾ ಅಂತ ಕೇಳಲು ಫೋನ್ ಮಾಡುತ್ತೀರಲ್ಲ, ಆಗ ಆ ಅಕ್ಕನ ಹತ್ತಿರ ಮಾತ್ರ ಹೇಳಿ.

ದಾವಣಗೆರೆ ಸಿಸ್ಟರ್

ನಾನಾಗಿದ್ದರೆ ಕಾಗದದಲ್ಲೇ ಬರೆಯುತ್ತಿದ್ದೆ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಮತ್ತೆ ಆ ಅಕ್ಕ ಒಬ್ಬರೇ ದೀಪ ಹಾಕಿಸಲು ಓಡಾಡಬೇಕಾಗುತ್ತದೆ. ಅಜ್ಜಿಯೂ ದಿನಾ ಅದೇ ಮೆಟ್ಟಿಲು ಇಳಿಯುವವರಲ್ವಾ?

ಬಿಳಿಜೋಳ

ಅಜ್ಜಿಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಅವ್ವನನ್ನು ಕೇಳಿ ನೋಡುತ್ತೇನೆ. ರೊಟ್ಟಿ ಒಣಗಲು ಹಾಕಿದ್ದೇವೆ, ಪೆಟ್ಟಿಗೆ ಸೋಮವಾರ ಕೊರಿಯರಿಗೆ ಕೊಡೋದು. ಅಷ್ಟರೊಳಗೆ ಬೇರೆ ಏನಾದರೂ ಹೇಳೋದಿದ್ದರೆ ಹೇಳಿ.